ಜರ್ನಲ್ ಕ್ಲಬ್‌ಗೆ ಒಂದು ಪೇಪರ್, ಹನ್ನೊಂದು ಸ್ಲೈಡ್: ಪಿಜಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯಲ್ಲಿ ಹೆರಿಗೆ ವಿಭಾಗದ ಪಿಜಿಗಳ ಜರ್ನಲ್ ಕ್ಲಬ್ ನೋಡಿಕೊಳ್ಳುವ ಕೆಲಸ ಎಷ್ಟೋ ವರ್ಷದಿಂದ ನನ್ನ ಪಾಲಿಗೆ ಬಂದಿದೆ. ಪ್ರತಿ ವರ್ಷ ಹೊಸ ಬ್ಯಾಚ್ ಬರುತ್ತದೆ, ಹಳೇ ಪ್ರಶ್ನೆಗಳೇ ಬರುತ್ತವೆ. ಬಾಗಲಕೋಟೆ, ವಿಜಯಪುರದಲ್ಲಿ ಓದುತ್ತಿರುವವರೂ ಪ್ರೆಸೆಂಟೇಶನ್‌ನ ಹಿಂದಿನ ರಾತ್ರಿ ಫೋನ್ ಮಾಡುತ್ತಾರೆ. "ಮೇಡಂ, ಮೆಥಡ್ಸ್ ಎಲ್ಲಾ ಹಾಕ್ಬೇಕೇನ್ರೀ?" ಅಂತ. ಒಂದು ಸಲ ಬರೆದಿಟ್ಟರೆ ನನಗೂ ನಿದ್ದೆ, ಅವರಿಗೂ ನಿದ್ದೆ ಅಂತ ಇದನ್ನು ಬರೆದಿದ್ದೇನೆ. ಎಲ್ಲ ಉತ್ತರಕ್ಕೂ ಒಂದೇ ಪೇಪರನ್ನು ಉದಾಹರಣೆ ಮಾಡಿಕೊಂಡಿದ್ದೇನೆ.

ಯಾವ ಪೇಪರ್? ಅದೇ ಯಾಕೆ?

2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ, ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಕೊಟ್ಟು ನೋಡಿದ ಟ್ರಯಲ್. ಮೊದಲ ಲೇಖಕ ರಿಚರ್ಡ್ ಡರ್ಮನ್. ಲೇಖಕರಲ್ಲಿ ನಮ್ಮ ಬೆಳಗಾವಿಯ ಕೊಡ್ಕಣಿ, ಗೌಡರ ಅವರೂ ಇದ್ದಾರೆ. ಟ್ರಯಲ್ ನಡೆದದ್ದು ಈ ಜಿಲ್ಲೆಯ ಹಳ್ಳಿಗಳಲ್ಲೇ, ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ, 2002ರಿಂದ 2005ರವರೆಗೆ. ಮನೆಯಲ್ಲೋ ಸಬ್‌ಸೆಂಟರ್‌ನಲ್ಲೋ ಹೆರಿಗೆಯಾದ 1620 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹೆರಿಗೆಯಾದ ಕೂಡಲೇ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್ ಗುಳಿಗೆ ನುಂಗಲು ಕೊಟ್ಟರು. ಇನ್ನೊಂದಕ್ಕೆ ಅದರಂತೆಯೇ ಕಾಣುವ ಪ್ಲಾಸಿಬೊ. ಆಮೇಲೆ ಯಾರಿಗೆ ಎಷ್ಟು ರಕ್ತ ಹೋಯಿತು ಅಂತ ಅಳೆದರು.

ಇದನ್ನೇ ಆರಿಸಲು ಕಾರಣ, ಪ್ರಶ್ನೆ ಸಣ್ಣದು, ಉತ್ತರ ಸ್ಪಷ್ಟ, ಲೆಕ್ಕ ಕೈಯಲ್ಲೇ ಮಾಡಬಹುದು. ಮೇಲಾಗಿ ಅಬ್‌ಸ್ಟ್ರಾಕ್ಟ್‌ನಲ್ಲೇ ಒಂದು ಕಡೆ ಎಡವುವ ಕಲ್ಲಿದೆ. ಅದು ಮುಂದೆ ಬರುತ್ತದೆ.

ಹುಡುಕುವಾಗ ಒಂದು ಮಾತು ನೆನಪಿರಲಿ. ಊರಿನ ಹೆಸರು ಬದಲಾದದ್ದು 2014ರಲ್ಲಿ. ಅದಕ್ಕಿಂತ ಹಿಂದಿನ ಪೇಪರ್ ಬೇಕಾದರೆ `Belgaum` ಅಂತ ಟೈಪ್ ಮಾಡಬೇಕು. ಹಾಗೆಯೇ `Bijapur`, `Bagalkot`. ಹೊಸ ಹೆಸರು ಹಾಕಿ ಹುಡುಕಿ "ನಮ್ಮ ಕಡೆ ಏನೂ ಕೆಲಸ ಆಗಿಲ್ರೀ" ಅಂದವರನ್ನು ನೋಡಿದ್ದೇನೆ.

ಇಷ್ಟು ಹಳೇ ಪೇಪರ್ ನಡೆಯುತ್ತಾ?

ನಿಮ್ಮ ವಿಭಾಗದಲ್ಲಿ ಕಳೆದ ಎರಡು ವರ್ಷದ ಪೇಪರೇ ಬೇಕು ಅನ್ನುವ ನಿಯಮ ಇದ್ದರೆ ನಡೆಯುವುದಿಲ್ಲ. ಇಲ್ಲದಿದ್ದರೆ ನಡೆಯುತ್ತದೆ. ಹಳೇ ಪೇಪರಿನಲ್ಲಿ ಒಂದು ಅನುಕೂಲ ಇದೆ. ಅದರಿಂದ ಮುಂದೇನಾಯಿತು ಅನ್ನುವುದು ಈಗ ಗೊತ್ತಿರುತ್ತದೆ.

ಎಷ್ಟು ಸ್ಲೈಡ್ ಇರಬೇಕು?

ಇಪ್ಪತ್ತು ನಿಮಿಷಕ್ಕೆ ಹನ್ನೊಂದು ಸಾಕು. ನಾನು ಹಂಚುವುದು ಹೀಗೆ: ಪ್ರಶ್ನೆಗೆ ಎರಡು, ಮೆಥಡ್ಸ್‌ಗೆ ಮೂರು, ರಿಸಲ್ಟ್‌ಗೆ ಮೂರು, ಮಿತಿಗಳಿಗೆ ಎರಡು, ನಮ್ಮ ವಾರ್ಡಿಗೆ ಏನು ಅನ್ನುವುದಕ್ಕೆ ಒಂದು. ಪೇಪರಿನ ಹೆಸರು ಇರುವ ಸ್ಲೈಡನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. "ಥ್ಯಾಂಕ್ ಯೂ" ಸ್ಲೈಡ್ ಹಾಕಲೇಬೇಡಿ. ಅದರ ಜಾಗದಲ್ಲಿ ರಿಸಲ್ಟ್ ಸ್ಲೈಡನ್ನೇ ಮತ್ತೆ ನಿಲ್ಲಿಸಿ. ಪ್ರಶ್ನೆ ಬರುವುದು ಅದರ ಮೇಲೇ ಅಲ್ವಾ, ಗುಲಾಬಿ ಹೂವಿನ ಚಿತ್ರದ ಮೇಲಲ್ಲ.

ಪ್ರಶ್ನೆ ಸ್ಲೈಡ್‌ನಲ್ಲಿ ಪಿಕೊ ಹಾಕಿದರೆ ಮುಗಿಯಿತಾ?

ಪಿಕೊ ಬೇಕು. ಯಾರು, ಏನು ಕೊಟ್ಟರು, ಯಾವುದರ ಜೊತೆ ಹೋಲಿಸಿದರು, ಏನು ಅಳೆದರು. ನಮ್ಮ ಪೇಪರಿಗೆ ಅದನ್ನು ಹೀಗೆ ಒಂದೇ ವಾಕ್ಯದಲ್ಲಿ ಹೇಳಬಹುದು: ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಎಎನ್‌ಎಂ ಸಿಸ್ಟರ್ ಮಾಡಿಸುವ ಹೆರಿಗೆಯಲ್ಲಿ, ಮಗು ಹುಟ್ಟಿದ ಕೂಡಲೇ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್ ಕೊಟ್ಟರೆ, ಪ್ಲಾಸಿಬೊಗೆ ಹೋಲಿಸಿದಾಗ, ಎರಡು ಗಂಟೆಯೊಳಗೆ 500 ಎಂಎಲ್ ಅಥವಾ ಅದಕ್ಕಿಂತ ಜಾಸ್ತಿ ರಕ್ತ ಹೋಗುವುದು, ಅಂದರೆ ಪಿಪಿಎಚ್, ಕಡಿಮೆಯಾಗುತ್ತದೆಯೇ?

ಆದರೆ ಹಾಲ್‌ನಲ್ಲಿ ಕೂತವರ ತಲೆಯಲ್ಲಿ ಆಗಲೇ ಇನ್ನೊಂದು ಪ್ರಶ್ನೆ ಎದ್ದಿರುತ್ತದೆ. "ಆಕ್ಸಿಟೋಸಿನ್ ಇರುವಾಗ ಪ್ಲಾಸಿಬೊ ಯಾಕ್ರೀ?" ಇದಕ್ಕೆ ಉತ್ತರ ಎರಡನೇ ಸ್ಲೈಡ್‌ನಲ್ಲಿ ಇರಬೇಕು. ಇಲ್ಲದಿದ್ದರೆ ಉಳಿದ ಹದಿನೆಂಟು ನಿಮಿಷ ಅವರು ನಿಮ್ಮ ಮಾತು ಕೇಳುವುದಿಲ್ಲ, ಕೈ ಎತ್ತಲು ಕಾಯುತ್ತಿರುತ್ತಾರೆ.

ಉತ್ತರ ಹೀಗಿದೆ. ವಿಶ್ವ ಆರೋಗ್ಯ ಸಂಸ್ಥೆ ಆಸ್ಪತ್ರೆಗಳಲ್ಲಿ ಒಂದು ದೊಡ್ಡ ಟ್ರಯಲ್ ಮಾಡಿತ್ತು. ಅದು ಲ್ಯಾನ್ಸೆಟ್‌ನಲ್ಲಿ ಬಂದದ್ದು 2001ರಲ್ಲಿ. ಅಲ್ಲಿ ಇದೇ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್‌ಗಿಂತ 10 ಯೂನಿಟ್ ಆಕ್ಸಿಟೋಸಿನ್ ಮೇಲು ಅಂತ ಬಂತು. ಅಂದರೆ ಯಾವುದು ಉತ್ತಮ ಔಷಧ ಅನ್ನುವುದು ಆಗಲೇ ತೀರ್ಮಾನವಾಗಿತ್ತು. ಆದರೆ ಆಕ್ಸಿಟೋಸಿನ್‌ಗೆ ಸಿರಿಂಜ್ ಬೇಕು, ಚುಚ್ಚುವವರು ಬೇಕು, ಫ್ರಿಜ್ ಬೇಕು. ಆ ಕಾಲಕ್ಕೆ ಹಳ್ಳಿಯ ಹೆರಿಗೆಯಲ್ಲಿ ಅದು ಸಿಗುತ್ತಿರಲಿಲ್ಲ. ಏಪ್ರಿಲ್ ತಿಂಗಳಲ್ಲಿ ವಿಜಯಪುರದ ಬಿಸಿಲು ನೋಡಿದವರಿಗೆ ಫ್ರಿಜ್ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಹೀಗಾಗಿ ಈ ಪೇಪರ್ ಕೇಳಿದ್ದು ಬೇರೆಯದೇ ಪ್ರಶ್ನೆ: ಏನೂ ಸಿಗದ ಕಡೆ ಗುಳಿಗೆಯಾದರೂ ಕೊಟ್ಟರೆ ಉಪಯೋಗ ಇದೆಯೇ? ಈ ಒಂದು ವಾಕ್ಯ ಸ್ಲೈಡ್‌ನಲ್ಲಿ ಇದ್ದರೆ ಪ್ಲಾಸಿಬೊ ಬಗ್ಗೆ ನಡೆಯುವ ಚರ್ಚೆಯ ಮಟ್ಟವೇ ಬೇರೆಯಾಗುತ್ತದೆ. ಆಕ್ಷೇಪಣೆ ಪೂರ್ತಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ಮೆಥಡ್ಸ್ ಎಲ್ಲಾ ಹಾಕಬೇಕಾ?

ಬೇಡ. ಫಲಿತಾಂಶವನ್ನು ಅಲುಗಾಡಿಸಬಲ್ಲ ಮೆಥಡ್ಸ್ ಮಾತ್ರ ಹಾಕಿ. ಯಾವುದು ಅಲುಗಾಡಿಸುತ್ತದೆ ಅಂತ ಪತ್ತೆ ಮಾಡಲು ನನ್ನದೊಂದು ಉಪಾಯ ಇದೆ. ಪೇಪರಿನ ಮುಖ್ಯ ಅಂಕಿ ಇಟ್ಟುಕೊಂಡು, "ಇದನ್ನು ಯಾರು, ಹೇಗೆ, ಯಾವಾಗ ಅಳೆದರು?" ಅಂತ ಕೇಳಿಕೊಳ್ಳಿ. ಇಲ್ಲಿ ಮುಖ್ಯ ಅಂಕಿ ರಕ್ತದ್ದು. ಆದ್ದರಿಂದ ಮೂರು ಸ್ಲೈಡ್‌ಗಳಲ್ಲಿ ಒಂದು ಪೂರ್ತಿ ಸ್ಲೈಡ್ ರಕ್ತ ಅಳೆದ ರೀತಿಗೇ ಹೋಗಬೇಕು.

ಹೆರಿಗೆಯಲ್ಲಿ ರಕ್ತ ಅಳೆಯುವುದು ಎಷ್ಟು ಕಷ್ಟ ಅಂತ ನಮಗೆಲ್ಲ ಗೊತ್ತು. ಅದು ಸೀರೆಗೆ ಹತ್ತಿಕೊಳ್ಳುತ್ತದೆ, ಚಾಪೆಗೆ ಇಳಿಯುತ್ತದೆ, ನೆತ್ತಿ ನೀರಿನ ಜೊತೆ ಬೆರೆಯುತ್ತದೆ. ಕಣ್ಣಳತೆಯಲ್ಲಿ ಹೇಳಿದರೆ ಸಾಮಾನ್ಯವಾಗಿ ಕಡಿಮೆ ಬರುತ್ತದೆ. ಅದಕ್ಕೆ ಈ ಟ್ರಯಲ್‌ಗಾಗಿ ಒಂದು ಪ್ಲಾಸ್ಟಿಕ್ ಡ್ರೇಪ್ ಮಾಡಿಸಿದರು. ಬಾಣಂತಿಯ ಸೊಂಟದ ಕೆಳಗೆ ಹಾಸುವ ಹಾಳೆ, ಹೊಟ್ಟೆಗೆ ಕಟ್ಟುವ ಪಟ್ಟಿ, ಕೆಳಗೆ ಆಲಿಕೆಯ ಆಕಾರದ ಚೀಲ. ಚೀಲದ ಮೇಲೆ ಎಂಎಲ್ ಗೆರೆ ಇರುತ್ತದೆ. ಮಗು ಹುಟ್ಟಿದ ಮೇಲೇ ಇದನ್ನು ಹಾಸುವುದರಿಂದ ನೆತ್ತಿ ನೀರು ಲೆಕ್ಕಕ್ಕೆ ಸೇರುವುದಿಲ್ಲ. ಸಿಸ್ಟರ್ ಗೆರೆ ನೋಡಿ ಬರೆದುಕೊಳ್ಳುತ್ತಾರೆ. ಇದೇ ತಂಡದ ಇನ್ನೊಂದು ಅಧ್ಯಯನದಲ್ಲಿ ಕಣ್ಣಳತೆ ಡ್ರೇಪ್ ಅಳತೆಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಬಂದಿತ್ತು. 600 ಎಂಎಲ್ ಹೋಗಿದ್ದರೆ ಕಣ್ಣು 400 ಅನ್ನುತ್ತದೆ. ಅಂದರೆ ಕಣ್ಣಳತೆಯ ಟ್ರಯಲ್‌ನಲ್ಲಿ ಆ ಬಾಣಂತಿ ಪಿಪಿಎಚ್ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಒಮ್ಮೆ ಕ್ಲಬ್ಬಿಗೆ ಹಳೇ ಸ್ಟಾಫ್ ನರ್ಸ್ ಒಬ್ಬರು ಬಂದು ಹಿಂದೆ ಕೂತಿದ್ದರು. ಡ್ರೇಪ್ ಚಿತ್ರ ನೋಡಿ, "ಇದು ಇದ್ರ ಯಾರೂ ಸುಳ್ಳು ಹೇಳಾಕ ಬರಂಗಿಲ್ರೀ ಡಾಕ್ಟರೇ" ಅಂದರು. ಆ ದಿನ ಮೆಥಡ್ಸ್ ಬಗ್ಗೆ ಅದಕ್ಕಿಂತ ಒಳ್ಳೆಯ ಮಾತನ್ನು ಯಾರೂ ಆಡಲಿಲ್ಲ.

ಉಳಿದ ಎರಡು ಸ್ಲೈಡ್‌ಗಳಲ್ಲಿ ರ‍್ಯಾಂಡಮೈಸೇಶನ್, ಬ್ಲೈಂಡಿಂಗ್, ಯಾರನ್ನು ಸೇರಿಸಿದರು ಮತ್ತು ಬಿಟ್ಟರು ಅನ್ನುವುದು ಬರಲಿ. ಔಷಧ ಕೊಟ್ಟವರು, ಹೆರಿಗೆ ಮಾಡಿಸಿದವರು, ರಕ್ತ ಅಳೆದವರು ಎಲ್ಲ ಒಬ್ಬರೇ, ಅಂದರೆ 25 ಜನ ಎಎನ್‌ಎಂಗಳು ಅನ್ನುವುದನ್ನು ಮಾತ್ರ ಮರೆಯದೆ ಬರೆಯಿರಿ. ಅದು ಮಿತಿಗಳ ಸ್ಲೈಡ್‌ಗೆ ಬೇಕಾಗುತ್ತದೆ.

ಇಂಟೆನ್ಷನ್ ಟು ಟ್ರೀಟ್ ಅಂದರೆ ಏನು ಅಂತ ಸ್ಲೈಡ್‌ನಲ್ಲಿ ವಿವರಿಸಬೇಕಾ?

ಬೇಡ, ಎಲ್ಲರಿಗೂ ಗೊತ್ತು. ಅಥವಾ ಗೊತ್ತಿದೆ ಅಂತ ಎಲ್ಲರೂ ನಟಿಸುತ್ತಾರೆ. ಬಾಯಲ್ಲಿ ಒಂದು ಮಾತು ಹೇಳಿ: ಚೀಟಿಯಲ್ಲಿ ಯಾವ ಗುಂಪು ಬಂತೋ ಲೆಕ್ಕದಲ್ಲೂ ಅದೇ ಗುಂಪು. ನಮ್ಮ ಪೇಪರಿನಲ್ಲಿ ಒಂದು ಕಡೆ 812, ಇನ್ನೊಂದು ಕಡೆ 808.

ರಿಸಲ್ಟ್ ಟೇಬಲ್ ಕಾಪಿ ಮಾಡಿ ಅಂಟಿಸಿದರೆ ಸಾಕಲ್ವಾ?

ಇಲ್ಲ. ಇದರ ಮೇಲೆ ನನಗೆ ಸ್ವಲ್ಪ ಸಿಟ್ಟೇ ಇದೆ, ಯಾಕೆಂದರೆ ನಾನೂ ಅದನ್ನೇ ಮಾಡಿದ್ದೆ.

ನಾನು ಪಿಜಿ ಇದ್ದಾಗ ಬೇರೆ ಒಂದು ಪೇಪರಿನ ಟೇಬಲ್ ಅಂಟಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ "ಅಪಾಯ 40 ಪರ್ಸೆಂಟ್ ಇಳಿಕೆ" ಅಂತ ಬರೆದಿದ್ದೆ. ಟೇಬಲ್‌ನ ಅಕ್ಷರ ಎರಡನೇ ಸಾಲಿಗೇ ಕಾಣುತ್ತಿರಲಿಲ್ಲ. ಸರ್ ಒಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಎಷ್ಟರಾಗ 40 ಪರ್ಸೆಂಟ್, ತಂಗಿ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ನೂರರಲ್ಲಿ ಹತ್ತು ಆರಾಯಿತೋ, ಸಾವಿರದಲ್ಲಿ ಹತ್ತು ಆರಾಯಿತೋ, ಎರಡೂ 40 ಪರ್ಸೆಂಟ್‌ ಇಳಿಕೆಯೇ. ಟೇಬಲ್ ನನ್ನ ಬೆನ್ನ ಹಿಂದೆಯೇ ಇತ್ತು, ನನಗೂ ಓದಲು ಆಗಲಿಲ್ಲ.

ಈಗ ನಾನು ಪಿಜಿಗಳಿಗೆ ಹೇಳುವುದು ಇಷ್ಟೇ. ಪೇಪರಿನ ಮುಖ್ಯ ಫಲಿತಾಂಶ ಒಂದನ್ನು ತೆಗೆದುಕೊಳ್ಳಿ. ಎರಡೂ ಗುಂಪಿನಲ್ಲಿ ಎಷ್ಟು ಜನರಲ್ಲಿ ಎಷ್ಟು ಅಂತ ಬರೆಯಿರಿ. ಆಮೇಲೆ ಪೇಪರ್ ಹೇಳಿದ ಅಂಕಿ ನಿಮ್ಮ ಕೈಲೆಕ್ಕಕ್ಕೆ ಬರುತ್ತದೆಯೇ ನೋಡಿ. ನಮ್ಮ ಪೇಪರಿನಲ್ಲಿ ಮಿಸೊಪ್ರೊಸ್ಟಾಲ್ ಗುಂಪಿನ 812 ಜನರಲ್ಲಿ 52 ಜನಕ್ಕೆ ಪಿಪಿಎಚ್ ಆಯಿತು. ಪ್ಲಾಸಿಬೊ ಗುಂಪಿನ 808ರಲ್ಲಿ 97 ಜನಕ್ಕೆ.

```
52 / 812 = 0.064
97 / 808 = 0.120
0.064 / 0.120 = 0.53
0.120 - 0.064 = 0.056
1 / 0.056 = 18
```

ಮೂರನೇ ಸಾಲು ರಿಲೇಟಿವ್ ರಿಸ್ಕ್. ಪೇಪರೂ 0.53 ಅನ್ನುತ್ತದೆ, 95 ಪರ್ಸೆಂಟ್ ಕಾನ್ಫಿಡೆನ್ಸ್ ಇಂಟರ್‌ವಲ್ 0.39ರಿಂದ 0.74. ಕೊನೆಯ ಸಾಲು, 18 ಬಾಣಂತಿಯರಿಗೆ ಗುಳಿಗೆ ಕೊಟ್ಟರೆ ಒಬ್ಬರಿಗೆ ಪಿಪಿಎಚ್ ತಪ್ಪುತ್ತದೆ ಅನ್ನುತ್ತದೆ. ಪೇಪರೂ ಅದನ್ನೇ ಹೇಳುತ್ತದೆ. ಆದರೆ ಆ 18ಕ್ಕೂ ಒಂದು ಇಂಟರ್‌ವಲ್ ಇದೆ, ಅದನ್ನು ಯಾರೂ ಸ್ಲೈಡ್‌ಗೆ ಹಾಕುವುದಿಲ್ಲ. ವ್ಯತ್ಯಾಸದ ಇಂಟರ್‌ವಲ್ ಲೆಕ್ಕ ಹಾಕಿದರೆ ಸುಮಾರು 2.8ರಿಂದ 8.4 ಪರ್ಸೆಂಟ್ ಬರುತ್ತದೆ. ತಿರುಗಿಸಿದರೆ 12ರಿಂದ 36. "ಹದಿನೆಂಟಕ್ಕೆ ಒಬ್ಬರು, ಹನ್ನೆರಡಕ್ಕೂ ಇರಬಹುದು, ಮೂವತ್ತಾರಕ್ಕೂ ಇರಬಹುದು" ಅಂತ ಹೇಳಿ. ಕೇಳುವವರಿಗೆ ನೀವು ಪೇಪರ್ ಓದಿದ್ದೀರಿ ಅಂತ ನಂಬಿಕೆ ಬರುತ್ತದೆ.

ಇನ್ನೊಂದು ಸಣ್ಣ ವಿಷಯ. ಅಬ್‌ಸ್ಟ್ರಾಕ್ಟ್‌ನಲ್ಲಿ "12.0ರಿಂದ 6.4 ಪರ್ಸೆಂಟ್‌ಗೆ" ಅನ್ನುವ ಧಾಟಿ ಇದೆ. ಓದಿದರೆ ಮೊದಲು 12 ಇತ್ತು, ಔಷಧ ಕೊಟ್ಟ ಮೇಲೆ 6.4 ಆಯಿತು ಅನ್ನಿಸುತ್ತದೆ. ಹಾಗಲ್ಲ, ಅವು ಒಂದೇ ಕಾಲದ ಎರಡು ಗುಂಪು. ಸ್ಲೈಡ್‌ನಲ್ಲಿ ಬಾಣದ ಗುರುತು ಹಾಕಬೇಡಿ, ಪಕ್ಕಪಕ್ಕ ಬರೆಯಿರಿ.

ಪಿ ವ್ಯಾಲ್ಯೂ ಹಾಕಿದ ಮೇಲೆ ಕಾನ್ಫಿಡೆನ್ಸ್ ಇಂಟರ್‌ವಲ್ ಯಾಕೆ?

ಎಡವುವ ಕಲ್ಲು ಅಂದೆನಲ್ಲ, ಅದು ಇಲ್ಲಿದೆ.

ಇದೇ ಪೇಪರಿನ ಎರಡನೇ ಫಲಿತಾಂಶ, ತೀವ್ರ ರಕ್ತಸ್ರಾವ, ಅಂದರೆ 1000 ಎಂಎಲ್ ಮುಟ್ಟಿದವರು. ಮಿಸೊಪ್ರೊಸ್ಟಾಲ್ ಗುಂಪಿನಲ್ಲಿ 0.2 ಪರ್ಸೆಂಟ್, ಪ್ಲಾಸಿಬೊದಲ್ಲಿ 1.2 ಪರ್ಸೆಂಟ್. ರಿಲೇಟಿವ್ ರಿಸ್ಕ್ 0.20, ಇಂಟರ್‌ವಲ್ 0.04ರಿಂದ 0.91. ಜೊತೆಗೆ ಅಬ್‌ಸ್ಟ್ರಾಕ್ಟ್‌ನಲ್ಲಿ ಅಚ್ಚಾಗಿರುವುದು `p < 0.0001`.

ಪರ್ಸೆಂಟ್ ಬಿಟ್ಟು ತಲೆ ಎಣಿಸಿ. 812ರಲ್ಲಿ 2 ಜನ, 808ರಲ್ಲಿ 10 ಜನ. ಒಟ್ಟು ಹನ್ನೆರಡೇ ಘಟನೆ. ಇಂಟರ್‌ವಲ್‌ನ ಮೇಲಿನ ತುದಿ 0.91, ಅಂದರೆ 1ಕ್ಕೆ ಹತ್ತಿರ ಬಂದು ನಿಂತಿದೆ. 1ನ್ನು ಮುಟ್ಟಿದ್ದರೆ `p` 0.05ರ ಆಸುಪಾಸು ಇರುತ್ತಿತ್ತು. ಇಷ್ಟು ಹತ್ತಿರ ಇರುವಾಗ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಹೇಗಾಗುತ್ತದೆ? ನಾನು ಈ ಅಂಕಿಗಳಿಗೆ ಕೈ-ಸ್ಕ್ವೇರ್ ಟೆಸ್ಟ್ ಹಾಕಿದಾಗ ಬಂದದ್ದು ಸುಮಾರು 0.02. ಇಂಟರ್‌ವಲ್ ಮಾತ್ರ ನನ್ನ ಲೆಕ್ಕಕ್ಕೆ ಸರಿಯಾಗಿ 0.04ರಿಂದ 0.91 ಬಂತು. ಅಂದರೆ ಇಂಟರ್‌ವಲ್ ಈ ಅಂಕಿಗಳಿಗೆ ಹೊಂದುತ್ತದೆ, ಪಕ್ಕದ `p` ಹೊಂದುವುದಿಲ್ಲ.

ಇದರಿಂದ ಪೇಪರ್ ಬಿದ್ದುಹೋಗುವುದಿಲ್ಲ. ಮುಖ್ಯ ಫಲಿತಾಂಶಕ್ಕೆ ಅದೇ ಲೆಕ್ಕ ಹಾಕಿದರೆ 0.0001ಕ್ಕಿಂತ ತುಸು ಕಡಿಮೆಯೇ ಬರುತ್ತದೆ, ಅಲ್ಲಿ ತಕರಾರಿಲ್ಲ. ಆದರೆ `p` ಒಂದನ್ನೇ ಸ್ಲೈಡ್‌ಗೆ ಎತ್ತಿಕೊಂಡವರು ತೀವ್ರ ರಕ್ತಸ್ರಾವದ ಫಲಿತಾಂಶವೂ ಅಷ್ಟೇ ಗಟ್ಟಿ ಅಂತ ಹೇಳಿಬಿಡುತ್ತಾರೆ. ಪ್ಲಾಸಿಬೊ ಗುಂಪಿನ ಹತ್ತರಲ್ಲಿ ಇಬ್ಬರು ಅತ್ತ ಸರಿದು ನಾಲ್ಕು ಮತ್ತು ಎಂಟು ಆಗಿದ್ದರೆ ಈ ಫಲಿತಾಂಶ ಉಳಿಯುತ್ತಿರಲಿಲ್ಲ. ಇದನ್ನು ಹೇಳಲು ಸ್ಟ್ಯಾಟಿಸ್ಟಿಕ್ಸ್ ಓದಿರಬೇಕಿಲ್ಲ. 2 ಮತ್ತು 10 ಅಂತ ಸ್ಲೈಡ್‌ನಲ್ಲಿ ಬರೆದರೆ ಸಾಕು, ಹಾಲ್‌ನಲ್ಲಿ ಯಾರಾದರೂ ಹೇಳುತ್ತಾರೆ.

ಸರಾಸರಿ ರಕ್ತನಷ್ಟದ ವ್ಯತ್ಯಾಸ ಬರೀ 48 ಎಂಎಲ್. ಇಷ್ಟಕ್ಕೆ ಇಷ್ಟೆಲ್ಲಾ ಯಾಕೆ?

ಪ್ರತಿ ಸಲ ಯಾರಾದರೂ ಕೇಳುವ ಪ್ರಶ್ನೆ ಇದು. ಪ್ಲಾಸಿಬೊ ಗುಂಪಿನ ಸರಾಸರಿ 262.3 ಎಂಎಲ್, ಮಿಸೊಪ್ರೊಸ್ಟಾಲ್ ಗುಂಪಿನದು 214.3. ವ್ಯತ್ಯಾಸ 48. ಬಸ್ ಸ್ಟ್ಯಾಂಡಿನ ಕಟ್ ಚಹಾ ಕೂಡ ಅದಕ್ಕಿಂತ ಜಾಸ್ತಿ ಇರುತ್ತದೆ.

ಆದರೆ ರಕ್ತನಷ್ಟ ಎಲ್ಲರಲ್ಲೂ ಒಂದೇ ಸಮ ಹಂಚಿಕೆಯಾಗುವುದಿಲ್ಲ. ಹೆಚ್ಚಿನವರಿಗೆ ನೂರೈವತ್ತು, ಇನ್ನೂರು ಹೋಗಿ ಗರ್ಭಕೋಶ ತಾನೇ ಗಟ್ಟಿಯಾಗುತ್ತದೆ. ಅವರಿಗೆ ಔಷಧದಿಂದ ಕಾಣುವಂಥ ಲಾಭ ಇಲ್ಲ. ಗರ್ಭಕೋಶ ಸಡಿಲಾಗಿ ಉಳಿಯುವ ಕೆಲವರು ಇರುತ್ತಾರಲ್ಲ, ಔಷಧ ಕೆಲಸ ಮಾಡುವುದು ಅವರಲ್ಲಿ. ಅವರ ಲಾಭವನ್ನು ಎಂಟುನೂರು ಜನರ ಮೇಲೆ ಹರಡಿದಾಗ ತಲೆಗೆ 48 ಎಂಎಲ್ ಕಾಣುತ್ತದೆ. ಅದಕ್ಕೇ 500 ದಾಟಿದವರ ಸಂಖ್ಯೆ ಅರ್ಧದಷ್ಟಾಯಿತು, ಸರಾಸರಿ ಮಾತ್ರ ಐದರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇಳಿಯಿತು. ಎರಡೂ ಅಂಕಿ ಒಂದೇ ಸ್ಲೈಡ್‌ನಲ್ಲಿ ಹಾಕಿ, ಇದನ್ನು ಬಾಯಲ್ಲಿ ಹೇಳಿ.

ಮಿತಿಗಳ ಸ್ಲೈಡ್‌ಗೆ ಪೇಪರಿನ ಕೊನೆಯಲ್ಲಿ ಲೇಖಕರು ಬರೆದದ್ದೇ ಸಾಕಾ?

ಲೇಖಕರು ಬರೆದದ್ದು ಅವರ ಮನೆಯ ದೂಳು, ಅವರೇ ಗುಡಿಸಿದ್ದು. ನೀವು ಮೂಲೆ ನೋಡಬೇಕು.

ಜಾಸ್ತಿ ಸ್ಲೈಡ್‌ಗಳಲ್ಲಿ ಇರುವುದು "ಸ್ಯಾಂಪಲ್ ಸಣ್ಣದು, ಒಂದೇ ಜಿಲ್ಲೆ, ಬಯಾಸ್ ಇರಬಹುದು" ಅನ್ನುವ ಪಟ್ಟಿ. ಇದನ್ನು ಯಾವ ಪೇಪರಿಗೆ ಬೇಕಾದರೂ ಅಂಟಿಸಬಹುದು. ನಾನು ಕೇಳುವುದು ಒಂದೇ: ಈ ಮಿತಿಯಿಂದ ಫಲಿತಾಂಶ ಯಾವ ಕಡೆ ಜರುಗುತ್ತದೆ? ಔಷಧ ಇರುವುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೋ, ಕೆಟ್ಟದಾಗಿ ಕಾಣುತ್ತದೋ, ಅಥವಾ ಅಂಕಿ ಅಲ್ಲೇ ಇದ್ದು ಯಾರಿಗೆ ಅನ್ವಯಿಸುತ್ತದೆ ಅನ್ನುವುದು ಬದಲಾಗುತ್ತದೋ? ಉತ್ತರ ಹೊಳೆಯದಿದ್ದರೆ ಆ ಮಿತಿಯನ್ನು ಸ್ಲೈಡ್‌ನಿಂದ ತೆಗೆಯಿರಿ.

ಚಳಿಯನ್ನೇ ತೆಗೆದುಕೊಳ್ಳಿ. ಮಿಸೊಪ್ರೊಸ್ಟಾಲ್ ನುಂಗಿದವರಿಗೆ ಚಳಿ ನಡುಕ, ಜ್ವರ ಜಾಸ್ತಿ ಬಂತು ಅಂತ ಪೇಪರೇ ಹೇಳುತ್ತದೆ. ಬಾಣಂತಿ ಗಡಗಡ ನಡುಗಿದರೆ ಅವಳು ಯಾವ ಗುಂಪು ಅಂತ ಸಿಸ್ಟರ್‌ಗೆ ಅಂದಾಜಾಗುತ್ತದೆ. ಬ್ಲೈಂಡಿಂಗ್ ಅಲ್ಲಿಗೆ ಸಡಿಲಾಯಿತು. ರಕ್ತ ಅಳೆಯುವುದೂ ಅದೇ ಸಿಸ್ಟರ್. ಕಣ್ಣಳತೆಯಾಗಿದ್ದರೆ ಔಷಧದ ಪರವಾಗಿ ಅಳತೆ ವಾಲುವ ಸಾಧ್ಯತೆ ದೊಡ್ಡದಿತ್ತು. ಆದರೆ ಇಲ್ಲಿ ಗೆರೆ ಇರುವ ಚೀಲ ಇದೆ. ಗೆರೆಯ ಹತ್ತಿರ ಹತ್ತಿಪ್ಪತ್ತು ಎಂಎಲ್ ಆಚೀಚೆ ಓದಬಹುದು, 700 ಇದ್ದದ್ದನ್ನು 400 ಅಂತ ಓದಲಾಗದು. ಹಾಗಾಗಿ ವಾಲಿಕೆ ಇದ್ದರೂ ಔಷಧದ ಪರವಾಗಿ, ಸಣ್ಣದಾಗಿ. ಮೆಥಡ್ಸ್‌ನಲ್ಲಿ ಡ್ರೇಪ್‌ಗೆ ಒಂದು ಇಡೀ ಸ್ಲೈಡ್ ಕೊಟ್ಟದ್ದು ಇದಕ್ಕೇ.

ಎರಡನೆಯದು ಯಾರಿಗೆ ಅನ್ವಯ ಅನ್ನುವುದು. ಹೈ ರಿಸ್ಕ್ ಗರ್ಭಿಣಿಯರನ್ನು ಟ್ರಯಲ್‌ಗೆ ಸೇರಿಸಿಕೊಳ್ಳಲಿಲ್ಲ, ಅದು ಸರಿಯೇ. ಹೆರಿಗೆ ಮಾಡಿಸಿದವರು ತರಬೇತಿ ಪಡೆದ ಎಎನ್‌ಎಂಗಳು. ಆದ್ದರಿಂದ 12 ಮತ್ತು 6.4 ಅನ್ನುವುದು ಕಡಿಮೆ ಅಪಾಯದ ತಾಯಂದಿರು, ಕೈ ಪಳಗಿದ ಸಿಸ್ಟರ್ ಇರುವ ಕಡೆಯ ಅಂಕಿ. ಸೂಲಗಿತ್ತಿಯ ಕೈಗೆ ಅದೇ ಗುಳಿಗೆ ಕೊಟ್ಟರೆ ಏನಾಗುತ್ತದೆ ಅಂತ ಈ ಪೇಪರ್ ಹೇಳುವುದಿಲ್ಲ. ಹೊಟ್ಟೆಯಲ್ಲಿ ಇನ್ನೊಂದು ಮಗು ಇರುವುದು ಗೊತ್ತಾಗದೆ ಗುಳಿಗೆ ಕೊಟ್ಟುಬಿಟ್ಟರೆ ಏನು ಗತಿ ಅನ್ನುವ ಭಯಕ್ಕೂ ಇದರಲ್ಲಿ ಉತ್ತರ ಇಲ್ಲ.

ಮೂರನೆಯದನ್ನು ಮೃದುವಾಗಿ ಹೇಳಿ. ಪೇಪರಿನ ಹಿಂದಿರುವ ಆತಂಕ ತಾಯಂದಿರ ಸಾವಿನದು, ಅಳೆದದ್ದು 500 ಎಂಎಲ್. ಸಾವನ್ನೇ ಅಳೆಯಲು 1620 ಜನ ಎಲ್ಲಿಗೂ ಸಾಲುವುದಿಲ್ಲ. ಸಾವಿರ ಹೆರಿಗೆಗೆ ಇಬ್ಬರು ತಾಯಂದಿರು ಸಾಯುತ್ತಾರೆ ಅಂತಲೇ ಇಟ್ಟುಕೊಳ್ಳಿ, ಇಡೀ ಟ್ರಯಲ್‌ನಲ್ಲಿ ಮೂವರು. ಎರಡು ಗುಂಪಿಗೆ ಹಂಚಿದರೆ ಏನು ತಿಳಿಯುತ್ತದೆ? ಹೀಗಾಗಿ 500 ಎಂಎಲ್ ಒಂದು ಬದಲಿ ಗುರುತು. ಹಿಮೋಗ್ಲೋಬಿನ್ 12 ಇರುವವಳು 500 ಎಂಎಲ್ ತಾಳಿಕೊಳ್ಳುತ್ತಾಳೆ, 8 ಇರುವವಳಿಗೆ ಅಷ್ಟೇ ರಕ್ತ ಹೋದರೆ ಕಥೆ ಬೇರೆ. ನಮ್ಮ ಕಡೆ ಎರಡನೆಯ ತರದವರು ಎಷ್ಟಿದ್ದಾರೆ ಅಂತ ಓಪಿಡಿಯಲ್ಲಿ ಕೂತವರಿಗೆ ಹೇಳಬೇಕಾಗಿಲ್ಲ.

ಪೇಪರಿನ ಲೇಖಕರೇ ಮುಂದಿನ ಸಾಲಿನಲ್ಲಿ ಕೂತಿದ್ದರೆ?

ಬೆಳಗಾವಿಯಲ್ಲಿ ಇದು ಆಗುವ ಮಾತೇ. ಹೆದರಬೇಡಿ. "ಈ ಪಿ ವ್ಯಾಲ್ಯೂ ನನ್ನ ಲೆಕ್ಕಕ್ಕೆ ಬರಲಿಲ್ಲ ಸರ್, ನಾನು ಹೀಗೆ ಮಾಡಿದೆ" ಅಂತ ಲೆಕ್ಕ ತೋರಿಸಿ. ತಪ್ಪು ಅನ್ನಬೇಡಿ, ಹೊಂದುತ್ತಿಲ್ಲ ಅನ್ನಿ. ತಪ್ಪು ನಿಮ್ಮದಿದ್ದರೆ ಅಲ್ಲೇ ತಿದ್ದುತ್ತಾರೆ. ಹಳ್ಳಿಹಳ್ಳಿ ತಿರುಗಿ ಕೆಲಸ ಮಾಡಿದವರಿಗೆ ಲೆಕ್ಕ ಹಾಕಿಕೊಂಡು ಬಂದ ಪಿಜಿ ಮೇಲೆ ಸಿಟ್ಟು ಬರುವುದು ಕಡಿಮೆ. ಸಿಟ್ಟು ಬರುವುದು "ಸ್ಯಾಂಪಲ್ ಸಣ್ಣದು" ಅಂದವರ ಮೇಲೆ.

ಸ್ಲೈಡ್ ಇಂಗ್ಲಿಷ್‌ನಲ್ಲಿ, ಮಾತು ಕನ್ನಡದಲ್ಲಿ ಆಗಬಹುದಾ?

ನನ್ನ ಕ್ಲಬ್ಬಿನಲ್ಲಿ ಆಗುತ್ತದೆ. ಕೆಲವು ಕಡೆ ಆಗುವುದಿಲ್ಲ, ಕೇಳಿಕೊಳ್ಳಿ. ಕನ್ನಡದಲ್ಲಿ ಹೇಳಿ ನೋಡಿದರೆ ನಿಮಗೇ ಒಂದು ಲಾಭ ಇದೆ. "ರಿಲೇಟಿವ್ ರಿಸ್ಕ್ 0.53" ಅಂತ ಇಂಗ್ಲಿಷ್‌ನಲ್ಲಿ ಅರ್ಥವಾಗದೆಯೂ ಓದಿಬಿಡಬಹುದು. "ಒಂದು ಗುಂಪಿನಲ್ಲಿ ನೂರಕ್ಕೆ ಹನ್ನೆರಡು ಜನಕ್ಕೆ ಆಯಿತು, ಇನ್ನೊಂದರಲ್ಲಿ ಆರೇಳು ಜನಕ್ಕೆ" ಅಂತ ಹೇಳಬೇಕಾದರೆ ಅರ್ಥವಾಗಿರಲೇಬೇಕು. ಹಾಸ್ಟೆಲ್‌ನಲ್ಲಿ ಬೇರೆ ವಿಭಾಗದ ಗೆಳತಿಗೆ ಒಂದು ಸಲ ಹೇಳಿ ನೋಡಿ. ಅವಳು ತಡೆದು ಕೇಳಿದ ಜಾಗದಲ್ಲೇ ಹಾಲ್‌ನಲ್ಲೂ ತಡೆಯುತ್ತಾರೆ.

ಕೊನೆಯ ಸ್ಲೈಡ್‌ನಲ್ಲಿ ಏನು? "ಇನ್ನೂ ಸಂಶೋಧನೆ ಬೇಕು" ಅಂತ ಹಾಕಬಹುದಾ?

ದಯವಿಟ್ಟು ಬೇಡ. ನಾಳೆ ಬೆಳಿಗ್ಗೆ ನಮ್ಮಲ್ಲಿ ಏನು ಬದಲಾಗಬೇಕು, ಏನು ಬದಲಾಗಬಾರದು ಅಂತ ಬರೆಯಿರಿ.

ಈ ಪೇಪರಿಗೆ ನಾನಾದರೆ ಹೀಗೆ ಬರೆಯುತ್ತೇನೆ. ಲೇಬರ್ ವಾರ್ಡಿನಲ್ಲಿ ಏನೂ ಬದಲಾಗುವುದಿಲ್ಲ. ಅಲ್ಲಿ ಆಕ್ಸಿಟೋಸಿನ್ ಇದೆ, ಮೊದಲ ಆಯ್ಕೆ ಅದೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 2019ರ ಹೊತ್ತಿಗೇ ನೂರಕ್ಕೆ 97 ಹೆರಿಗೆ ಆಸ್ಪತ್ರೆ, ಆರೋಗ್ಯ ಕೇಂದ್ರಗಳಲ್ಲೇ ಆಗುತ್ತಿದ್ದವು. ಟ್ರಯಲ್ ನಡೆದ ಕಾಲದ ಹಳ್ಳಿ ಈಗಿನದಲ್ಲ. ಆದರೂ ಆ ಪ್ರಶ್ನೆ ವ್ಯರ್ಥವಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಪಿಪಿಎಚ್ ತಡೆಯಲು ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು, ಆಕ್ಸಿಟೋಸಿನ್ ಸಿಗದ ಕಡೆಗಾಗಿ. ಗೆರೆ ಇರುವ ಡ್ರೇಪ್ ಮತ್ತೆ ಸುದ್ದಿಗೆ ಬಂತು. ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಟ್ರಯಲ್‌ನಲ್ಲಿ ರಕ್ತಸ್ರಾವವನ್ನು ಬೇಗ ಹಿಡಿಯಲು ಬಳಸಿದ್ದು ಅಂಥದ್ದನ್ನೇ.

ಹಾಗಾದರೆ ಬದಲಾಗಬೇಕಾದದ್ದು? ನಮ್ಮ ವಾರ್ಡಿನ ಕೇಸ್ ಶೀಟ್‌ನಲ್ಲಿ ರಕ್ತನಷ್ಟದ ಮುಂದೆ ಏನು ಬರೆಯುತ್ತಿದ್ದೇವೆ ಅಂತ ಒಂದು ವಾರ ನೋಡಿ. ಒಬ್ಬ ಪಿಜಿ ಈ ಪೇಪರ್ ಪ್ರೆಸೆಂಟ್ ಮಾಡುವ ಮೊದಲು ಹೀಗೆ ನಲವತ್ತು ಕೇಸ್ ಶೀಟ್ ತೆಗೆದು ನೋಡಿದಳು. ಮೂವತ್ತಕ್ಕೂ ಹೆಚ್ಚು ಹಾಳೆಯಲ್ಲಿ ಒಂದೇ ಕೈಬರಹದಂತೆ 200 ಎಂಎಲ್ ಅಂತ ಇತ್ತು. ಅದನ್ನೇ ಕೊನೆಯ ಸ್ಲೈಡ್ ಮಾಡಿದಳು.